ಕಂಪ್ರೆಸರ್ ಕೊಳ್ಳುವ ಮುನ್ನ ಗೋಡೆಯನ್ನು ತೂಗಿ ನೋಡಿ

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಭಾಗದ ಕೋಲ್ಡ್ ಸ್ಟೋರೇಜ್ ಮಾಲೀಕರಿಗೆ,



ಮೆಣಸಿನಕಾಯಿ ಸುಗ್ಗಿ ಮುಗಿದು ಹಾಲ್‌ಗಳು ತುಂಬಿ, ಮಳೆಗಾಲ ಕಾಲಿಟ್ಟ ಮೇಲೆ ನಿಮ್ಮಲ್ಲಿ ಅನೇಕರು ನನಗೆ ಫೋನು ಮಾಡುತ್ತೀರಿ. ಕಸುಬಿನಿಂದ ನಿವೃತ್ತನಾದರೂ ಕಸುಬು ನನ್ನನ್ನು ಬಿಟ್ಟಿಲ್ಲ, ಸಂತೋಷವೇ. ಆದರೆ ದೂರು ಪ್ರತಿ ವರ್ಷ ಒಂದೇ: “ಮೊದಲು 14 ತಾಸು ಮಷೀನ್ ಓಡಿದ್ರ ಸಾಕಾಗ್ತಿತ್ರೀ, ಈಗ 17 ತಾಸು ಓಡಿದ್ರೂ 6 ಡಿಗ್ರಿಗೆ ಇಳೀವಲ್ದು. ಗ್ಯಾಸ್ ತುಂಬಿಸಿದ್ವಿ, ಕಂಡೆನ್ಸರ್ ತೊಳೆಸಿದ್ವಿ. ಇನ್ನೊಂದು ಕಂಪ್ರೆಸರ್ ಕೂಡಿಸೂಣೇನ್ರೀ?” ಅಷ್ಟರಲ್ಲಿ ಕೊಟೇಶನ್ ಕೂಡ ತರಿಸಿ ಇಟ್ಟಿರುತ್ತೀರಿ.

ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮಷೀನು ಕೆಟ್ಟರೆ ಸದ್ದು ಮಾಡುತ್ತದೆ, ಮೀಟರಿನಲ್ಲಿ ಕಾಣುತ್ತದೆ, ಮೆಕ್ಯಾನಿಕ್ ಬಂದು ಕೈಯಿಟ್ಟು ತೋರಿಸುತ್ತಾನೆ. ಗೋಡೆಯೊಳಗಿನ ಥರ್ಮಾಕೋಲು, ಪಫ್, ಗ್ಲಾಸ್‌ವುಲ್ ಕೆಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಕಟ್ಟಿಸುವಾಗ ಒಮ್ಮೆ ಹಾಕಿಸಿದ್ದು, ಆಮೇಲೆ ಕಟ್ಟಡ ಇರುವಷ್ಟು ದಿನ ಹಾಗೇ ಇರುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಅದು ಹಾಗೇ ಇರುವುದಿಲ್ಲ. ಕೆಲವು ವಸ್ತು ವಯಸ್ಸಿನಿಂದ ಸೋಲುತ್ತವೆ, ಕೆಲವು ತಮ್ಮ ಭಾರಕ್ಕೇ ಕುಸಿಯುತ್ತವೆ, ಹೆಚ್ಚಿನವು ನೀರು ಕುಡಿದು ಹಾಳಾಗುತ್ತವೆ. ನಮ್ಮ ಭಾಗದಲ್ಲಿ ನಿಜವಾದ ಶತ್ರು ಈ ಮೂರನೆಯದು. ಆದರೆ ಎಲ್ಲರೂ ಬೈಯುವುದು ಮೊದಲನೆಯದನ್ನು.

“ಪ್ಯಾನೆಲ್ ಹಳೇದಾತು” ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ಪಫ್ ಎಂದರೆ ಸಣ್ಣ ಸಣ್ಣ ಮುಚ್ಚಿದ ಗುಳ್ಳೆಗಳ ನೊರೆ. ಶಾಖವನ್ನು ತಡೆಯುವುದರಲ್ಲಿ ಪ್ಲಾಸ್ಟಿಕ್ಕಿಗಿಂತ ಆ ಗುಳ್ಳೆಗಳೊಳಗಿನ ಅನಿಲದ ಪಾಲೇ ದೊಡ್ಡದು. ಒಂದು ಕಾಲಕ್ಕೆ ನೊರೆ ಉಬ್ಬಿಸಲು ಸಿಎಫ್‌ಸಿ-11 ಬಳಸುತ್ತಿದ್ದರು, ಆಮೇಲೆ ಎಚ್‌ಸಿಎಫ್‌ಸಿ-141ಬಿ ಬಂತು. ಓಜೋನ್ ಪದರಕ್ಕೆ ಹಾನಿ ಎಂಬ ಕಾರಣಕ್ಕೆ ಅದನ್ನೂ ನಮ್ಮ ದೇಶ 2020ರ ಜನವರಿಯಿಂದ ಕೈಬಿಟ್ಟಿತು. ಈಗ ಬಹಳಷ್ಟು ಕಡೆ ಸೈಕ್ಲೋಪೆಂಟೇನ್ ಬಳಕೆಯಲ್ಲಿದೆ. ಈ ಅನಿಲಗಳೆಲ್ಲ ಗಾಳಿಗಿಂತ ಕಡಿಮೆ ಶಾಖ ಸಾಗಿಸುತ್ತವೆ. ಸೈಕ್ಲೋಪೆಂಟೇನ್ ಸಾಗಿಸುವುದು ಗಾಳಿಯ ಸುಮಾರು ಅರ್ಧದಷ್ಟು ಮಾತ್ರ. ಆದರೆ ಗುಳ್ಳೆಯ ಗೋಡೆ ಗಾಜಲ್ಲ. ನೊರೆ ಮಾಡುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಬೇಗ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ವರ್ಷಗಟ್ಟಲೆ ನಿಧಾನವಾಗಿ ಒಳಗೆ ಬರುತ್ತದೆ, ಭಾರವಾದ ಅನಿಲ ಎಲ್ಲಕ್ಕಿಂತ ನಿಧಾನವಾಗಿ ಹೊರಬೀಳುತ್ತದೆ. ಕಾಂಟ್ರಾಕ್ಟರು ಹೇಳುವ ಕೆ-ವ್ಯಾಲ್ಯೂ ಹೊಸದರಲ್ಲಿ 0.023 ಇದ್ದದ್ದು ಬರಿಮೈಯ ನೊರೆಯಲ್ಲಿ ಕಾಲಕ್ರಮೇಣ 0.028ರ ಆಸುಪಾಸಿಗೆ ಏರಬಹುದು. ಅಂದರೆ ಶಾಖ ನುಸುಳುವುದು ಐದನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಶುರುವಿನ ವರ್ಷಗಳಲ್ಲಿ ಬೇಗ ಏರಿ ಆಮೇಲೆ ತಣ್ಣಗಾಗುವ ಏರಿಕೆ ಇದು.

ಈಗ ನಿಮ್ಮ ಪ್ಯಾನೆಲ್ ನೋಡಿ. ಅದರ ಎರಡೂ ಬದಿ ಉಕ್ಕಿನ ತಗಡಿದೆ, ತಗಡಿನ ಮೂಲಕ ಅನಿಲ ಹೋಗುವುದಿಲ್ಲ. ಹೋಗುವುದು ಜೋಡಣೆಯ ಅಂಚು, ಕತ್ತರಿಸಿದ ಬಾಯಿ, ಡ್ರಿಲ್ ಮಾಡಿದ ತೂತುಗಳಿಂದ. ಹೀಗಾಗಿ ಪ್ಯಾನೆಲ್ಲಿನ ನಡುಭಾಗ 15 ವರ್ಷ ಕಳೆದರೂ ಬಹುಮಟ್ಟಿಗೆ ಹೊಸದರಂತೆಯೇ ಇರುತ್ತದೆ. ನಿಜಕ್ಕೂ ಮುಪ್ಪಾಗುವುದು ಶೀಟಿನ ಕೆಳಗೆ ಸ್ಪ್ರೇ ಮಾಡಿ ಬರಿಮೈ ಬಿಟ್ಟ ಪಫ್. ಅದರ ಮೇಲೆ ಬಿಸಿಲು ಬಿದ್ದರೆ ಕಂದಾಗಿ, ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಥರ್ಮಾಕೋಲಿನ ಗುಳ್ಳೆಗಳಲ್ಲಂತೂ ಇರುವುದು ಬರೀ ಗಾಳಿ, ಕಳೆದುಕೊಳ್ಳಲು ಅದಕ್ಕೆ ಬೇರೆ ಅನಿಲವೇ ಇಲ್ಲ. ಆದ್ದರಿಂದ ತಗಡು ಗಟ್ಟಿಯಾಗಿರುವ ಪ್ಯಾನೆಲ್ ಹಾಲ್ ಅಥವಾ ಥರ್ಮಾಕೋಲ್ ಹಾಲ್ ಇಟ್ಟುಕೊಂಡು “ವಯಸ್ಸಾಯಿತು” ಎನ್ನುವವರು ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಕಾರಣ ನೀರು. ಮಳೆ ನೀರು ಸೋರುವುದು ಅದರಲ್ಲಿ ಅರ್ಧ ಮಾತ್ರ. ಗಾಳಿಯಲ್ಲಿರುವ ಆವಿ ಇನ್ನರ್ಧ.

ನಿಮ್ಮ ಹಾಲಿನೊಳಗೆ 6 ಡಿಗ್ರಿ, ತೇವಾಂಶ ನೂರಕ್ಕೆ 65ರಷ್ಟು ಎಂದಿಟ್ಟುಕೊಳ್ಳಿ. ಏಪ್ರಿಲ್ಲಿನ ಒಣ ಬಿಸಿಲಿನಲ್ಲೂ ಹೊರಗಿನ ಗಾಳಿಯ ಆವಿಯ ಒತ್ತಡ ಒಳಗಿನದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿರುತ್ತದೆ. ಜುಲೈನಲ್ಲಿ, ಹೊರಗೆ 25 ಡಿಗ್ರಿ ಇದ್ದು ತೇವಾಂಶ 90 ಮುಟ್ಟಿದಾಗ, ಅದು ನಾಲ್ಕು ಪಟ್ಟು ದಾಟುತ್ತದೆ. ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಆವಿ ನುಗ್ಗುತ್ತಲೇ ಇರುತ್ತದೆ, ಹಗಲೂ ರಾತ್ರಿ, ವರ್ಷವಿಡೀ, ಒಂದೇ ದಿಕ್ಕಿಗೆ. ಯುರೋಪಿನ ಮನೆಗಳ ಗೋಡೆಗೆ ಒಂದು ಅನುಕೂಲವಿದೆ. ಚಳಿಗಾಲದಲ್ಲಿ ಆವಿ ಒಳಗಿನಿಂದ ಹೊರಕ್ಕೆ ಹೋಗಿ ಗೋಡೆಯಲ್ಲಿ ನಿಂತರೂ, ಬೇಸಿಗೆಯಲ್ಲಿ ಅದೇ ಗೋಡೆ ಆರಲು ಸಮಯ ಸಿಗುತ್ತದೆ. ನಮ್ಮ ಕೋಲ್ಡ್ ಸ್ಟೋರೇಜಿನ ಗೋಡೆಗೆ ಆ ರಜೆಯಿಲ್ಲ. ಹೊರಗಿನ ಆವಿ ಥರ್ಮಾಕೋಲಿನೊಳಗೆ ಒಂದೆರಡು ಇಂಚು ಹೋಗುವಷ್ಟರಲ್ಲಿ ತಣ್ಣಗಾಗಿ ನೀರಾಗುತ್ತದೆ. 6 ಡಿಗ್ರಿ ಹಾಲ್ ಆದ್ದರಿಂದ ಅದು ಮಂಜುಗಡ್ಡೆಯಾಗಿ ಗೋಡೆ ಉಬ್ಬಿಸಿ ತನ್ನ ಇರವನ್ನು ಸಾರುವುದೂ ಇಲ್ಲ. ಮೆಲ್ಲಗೆ ಕೆಳಗಿಳಿದು ಬುಡದಲ್ಲಿ ಕೂಡುತ್ತದೆ. ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ನೆನೆದ ಕಂಬಳಿ ಹೊದ್ದರೆ ಚಳಿ ಹೋಗದಿರುವುದು ಕುರಿ ಕಾಯುವವರಿಗೆಲ್ಲ ಗೊತ್ತಿರುವ ಸಂಗತಿ.

ಇದನ್ನು ತಡೆಯಲೆಂದೇ ಇಟ್ಟಿಗೆ ಗೋಡೆಗೂ ಥರ್ಮಾಕೋಲಿಗೂ ನಡುವೆ ಡಾಂಬರಿನ ಲೇಪ ಹಾಕಿರುತ್ತಾರೆ. ಅದು ಬರೀ ಅಂಟು ಎಂದು ತಿಳಿದವರಿದ್ದಾರೆ. ಆವಿಗೆ ಅಡ್ಡಗಟ್ಟುವ ಪರದೆ ಅದೇ. ಪರದೆ ಯಾವಾಗಲೂ ಬಿಸಿ ಕಡೆ, ಅಂದರೆ ಹೊರಬದಿಗೆ, ಗಟ್ಟಿಯಾಗಿರಬೇಕು. ಒಳಬದಿ ಅದಕ್ಕಿಂತ ಸಡಿಲವಾಗಿರಬೇಕು. ಆಗ ಹೊರಗಿನ ಪರದೆಯನ್ನು ದಾಟಿ ಬಂದ ಅಷ್ಟಿಷ್ಟು ಆವಿ ಗೋಡೆಯಲ್ಲಿ ನಿಲ್ಲದೆ ಹಾಲಿಗೆ ಬಂದು, ಕಾಯಿಲ್ ಮೇಲೆ ನೀರಾಗಿ, ಡ್ರೇನ್ ಪೈಪಿನಿಂದ ಆಚೆ ಹೋಗುತ್ತದೆ. ಈ ಒಂದು ಸಂಗತಿಯನ್ನು ತಲೆಕೆಳಗು ಮಾಡಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮವರೇ ಒಬ್ಬರ ಹಾಲ್ ಅದು, ಹೆಸರು ಬೇಡ. 30 ಮೀಟರ್ ಉದ್ದ, 20 ಅಗಲ, 8 ಎತ್ತರ. ಇಟ್ಟಿಗೆ ಗೋಡೆ, ಡಾಂಬರು, ಒಟ್ಟು 150 ಮಿಲಿಮೀಟರ್ ದಪ್ಪದ ಎರಡು ಪದರ ಥರ್ಮಾಕೋಲು, ಒಳಗೆ ಜಾಳಿಗೆ ಹೊಡೆದು ಗಿಲಾವು. ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ಕೆಲವು ವರ್ಷಗಳ ಮೇಲೆ ಒಳಗಿನ ಗಿಲಾವು ಅಲ್ಲಲ್ಲಿ ಉದುರತೊಡಗಿತು. ನೋಡಲು ಚಂದ ಇರಲಿ, ಚೀಲಕ್ಕೆ ಪುಡಿ ಬೀಳದಿರಲಿ ಎಂದು ಮಾಲೀಕರು ಒಳಗೋಡೆಗೆಲ್ಲ ಬಣ್ಣದ ತಗಡು ಹೊಡೆಸಿ, ಸಂದುಗಳಿಗೆ ಸಿಲಿಕಾನ್ ತುಂಬಿಸಿದರು. ಮಳೆ ಬಡಿಯುವ ಹಿಂದಿನ ಗೋಡೆಯ ಹೊರಗಿಲಾವು ಮಾತ್ರ ಬಿರುಕು ಬಿಟ್ಟಿದ್ದು ಹಾಗೇ ಉಳಿಯಿತು. ಇಟ್ಟಿಗೆ ಬಿರಿದ ಕಡೆ ಡಾಂಬರೂ ಬಿರಿದಿತ್ತು. ಹೀಗೆ ನೀರಿಗೆ ಬರಲು ದಾರಿಯಾಯಿತು, ಹೋಗಲು ದಾರಿ ಮುಚ್ಚಿತು.

ನಾನು ಹೋದಾಗ ಜುಲೈ, ಬೆಳಗಿನ ಜಾವ. ಮೂರು ಗೋಡೆ ಹೊರಗಿನಿಂದ ಒಣಗಿದ್ದವು. ಹಿಂದಿನ ಗೋಡೆ ಸೊಂಟದೆತ್ತರದವರೆಗೆ ಬೆವರುತ್ತಿತ್ತು. ಒಳಗೆ ಮೊಣಕಾಲಿನ ಮಟ್ಟದಲ್ಲಿ ಒಂದು ತಗಡು ಬಿಚ್ಚಿಸಿದೆ. ನೀರು ಧಾರೆಯಾಗಿ ಇಳಿಯಿತು. ಗೋಡೆಗೆ ಒತ್ತಿ ಪೇರಿಸಿದ್ದ ಸಾಲಿನ ಚೀಲಗಳ ಬುಡದಲ್ಲಿ ಮೆಣಸಿನಕಾಯಿ ಮೆತ್ತಗಾಗಿ ಬೂಸ್ಟು ಹಿಡಿದಿತ್ತು. ಅದು ಡಬ್ಬಿ ಮಾಲು, ರೇಟು ನಿಮಗೇ ಗೊತ್ತು.

ಥರ್ಮಾಕೋಲನ್ನು 10 ಸೆಂಟಿಮೀಟರ್ ಉದ್ದ, 10 ಅಗಲ, ಪೂರ್ತಿ 15 ದಪ್ಪಕ್ಕೆ ಚಾಕುವಿನಿಂದ ಕತ್ತರಿಸಿ ತೆಗೆದೆವು. ಅಂದರೆ ಒಂದೂವರೆ ಲೀಟರ್ ಗಾತ್ರ. ಆ ದರ್ಜೆಯ ಥರ್ಮಾಕೋಲು ಒಣಗಿದ್ದರೆ ಅಷ್ಟು ಗಾತ್ರಕ್ಕೆ 30 ಗ್ರಾಂ ತೂಗಬೇಕು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ 405 ಗ್ರಾಂ ತೋರಿಸಿತು. ಉಳಿದ 375 ಗ್ರಾಂ ಪೂರಾ ನೀರು, ಗಾತ್ರದ ಕಾಲು ಭಾಗ. ಅಷ್ಟು ನೀರು ಕುಡಿದ ಥರ್ಮಾಕೋಲು ಒಣಗಿದ್ದಾಗಿನ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಬಿಡುತ್ತದೆ. ಎದೆಮಟ್ಟದಲ್ಲಿ ತೆಗೆದ ತುಂಡು 210 ಗ್ರಾಂ ಬಂತು. ಮೇಲ್ಗಡೆಯ ತುಂಡು 36 ಗ್ರಾಂ, ಅದು ಸರಿಯಿತ್ತು. ಅದೇ ಗೋಡೆಗೆ ತಾಗಿದ ಮಾಳಿಗೆಯ ಅಂಚಿನಲ್ಲಿ, ಗಟಾರ ತುಂಬಿ ಹರಿಯುವ ಕಡೆ, ಮತ್ತೊಂದು ಒದ್ದೆ ಪಟ್ಟಿ ಸಿಕ್ಕಿತು.

ಲೆಕ್ಕ ಹೀಗಾಯಿತು. ಗೋಡೆ ಮಾಳಿಗೆ ಸೇರಿ 1,400 ಚದರ ಮೀಟರ್. ಹೊರಗೆ ಸರಾಸರಿ 29, ಒಳಗೆ 6 ಡಿಗ್ರಿ ಎಂದುಕೊಂಡರೆ ಎಲ್ಲ ಒಣಗಿದ್ದಾಗ ಒಳಗೆ ನುಸುಳುವ ಶಾಖ 7.7 ಕಿಲೋವ್ಯಾಟ್. ಹಿಂದಿನ ಗೋಡೆ 240 ಚದರ ಮೀಟರ್, ಮಾಳಿಗೆಯ ಒದ್ದೆ ಪಟ್ಟಿ 150. ಅಷ್ಟರಲ್ಲಿ ಸರಾಸರಿ ಎರಡರಷ್ಟು ಶಾಖ ಬಂದರೆ ಸುಮಾರು 2.1 ಕಿಲೋವ್ಯಾಟ್ ಹೆಚ್ಚಾಯಿತು. ಅದನ್ನು ಹೊರಹಾಕಲು ವರ್ಷಕ್ಕೆ 7,000ಕ್ಕೂ ಮಿಕ್ಕಿ ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 55,000 ರೂಪಾಯಿ ಮೀರುತ್ತದೆ. ಇದರ ಜೊತೆ ಸಂದುಗಳಿಂದ ನುಗ್ಗುವ ಆವಿ ಕಾಯಿಲ್ ಮೇಲೆ ಕೂತು ಡಿಫ್ರಾಸ್ಟ್ ಹೆಚ್ಚಿಸಿದ್ದು ಬೇರೆ. ದೊಡ್ಡ ಕಂಪ್ರೆಸರ್ ಕೂಡಿಸಿದ್ದರೆ ಹಾಲ್ ತಣ್ಣಗಾಗುತ್ತಿತ್ತು, ಗೋಡೆ ಒಣಗುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಒದ್ದೆ ಇನ್ನೂ ಮೇಲೆ ಏರುತ್ತಿತ್ತು.

ಹಾಲ್ ಖಾಲಿಯಾದ ಡಿಸೆಂಬರಿನಲ್ಲಿ ಮಷೀನ್ ನಿಲ್ಲಿಸಿ ಕೆಲಸ ಹಿಡಿದರು. ಮೊದಲು ಹೊರಗಡೆ ಬಿರುಕು ಮುಚ್ಚಿ, ಗಟಾರ ಸರಿಪಡಿಸಿ, ಗೋಡೆಗೆ ನೀರು ಬಡಿಯದಂತೆ ಮಾಡಿದರು. ಆಮೇಲೆ ಹಿಂದಿನ ಗೋಡೆಯ ಒಳತಗಡು ಪೂರ್ತಿ ತೆಗೆದು, ಎದೆಮಟ್ಟದವರೆಗಿನ ಒದ್ದೆ ಥರ್ಮಾಕೋಲನ್ನು ಎಸೆದು, ಇಟ್ಟಿಗೆ ಒಣಗಲು ಬಿಟ್ಟು, ಡಾಂಬರನ್ನು ಹೊಸದಾಗಿ ಎರಡು ಕೈ ಹಾಕಿದರು. ಹೊಸ ಥರ್ಮಾಕೋಲನ್ನು ಮೊದಲ ಪದರದ ಸಂದಿನ ಮೇಲೆ ಎರಡನೆಯ ಪದರದ ಸಂದು ಬರದಂತೆ ಕೂರಿಸಿದರು. ಒಳಗೆ ತಗಡಿಲ್ಲ, ಜಾಳಿಗೆ ಮತ್ತು ತೆಳು ಗಿಲಾವು ಮಾತ್ರ. ಮುಂದಿನ ಸುಗ್ಗಿಯಲ್ಲಿ ಮಷೀನ್ ಓಡುವ ತಾಸು ಮತ್ತೆ 14ರ ಆಸುಪಾಸಿಗೆ ಬಂತು. ಕಂಪ್ರೆಸರ್ ಕೊಟೇಶನ್ ಇನ್ನೂ ಅವರ ಟೇಬಲ್ಲಿನ ಖಾನೆಯಲ್ಲಿದೆ.

ಕುಸಿಯುವ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಇದು ಕೆಲವರಿಗೆ ಮಾತ್ರ ಅನ್ವಯಿಸುತ್ತದೆ. ಉತ್ತರ ಭಾರತದ ಹಳೆಯ ಆಲೂಗಡ್ಡೆ ಶೈತ್ಯಾಗಾರಗಳಲ್ಲಿ ಜೋಡಿ ಗೋಡೆಯ ನಡುವೆ ಭತ್ತದ ಹೊಟ್ಟು ತುಂಬುವ ಪದ್ಧತಿ ಇತ್ತು. ಹೊಟ್ಟು ವರ್ಷಗಳಲ್ಲಿ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. 8 ಮೀಟರ್ ಗೋಡೆಯಲ್ಲಿ ನೂರಕ್ಕೆ 5ರಷ್ಟು ಇಳಿದರೆ ಮೇಲೆ 40 ಸೆಂಟಿಮೀಟರ್ ಖಾಲಿ. ಅಷ್ಟು ಖಾಲಿ ಪಟ್ಟಿಯಿಂದಲೇ ಇಡೀ ಗೋಡೆಯ ಶಾಖ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಬಹುದು, ಅದೂ ಹಾಲಿನ ಅತಿ ಬಿಸಿಯಾದ ಮೇಲ್ತುದಿಯಲ್ಲಿ. ನಮ್ಮ ಕಡೆ ಇದಕ್ಕೆ ಸಮನಾದದ್ದು ಫಾಲ್ಸ್ ಸೀಲಿಂಗ್ ಮೇಲಿನ ಗ್ಲಾಸ್‌ವುಲ್. ಲೈಟು ಸರಿಮಾಡಲು, ಇಲಿ ಹುಡುಕಲು ಹತ್ತಿದವರು ತುಳಿದು ತುಳಿದು 100 ಮಿಲಿಮೀಟರ್ ಇದ್ದದ್ದು 40 ಆಗಿರುತ್ತದೆ. ಓಡಾಡಲು ಒಂದು ಹಲಗೆ ಹಾದಿ ಮಾಡಿಸಿ, ಅಷ್ಟೇ ಸಾಕು.

ನಿಮ್ಮ ಗೋಡೆ ಹೇಗಿದೆ ಎಂದು ತಿಳಿಯಲು ನನ್ನನ್ನು ಕರೆಯಬೇಕಾಗಿಲ್ಲ. ಮಳೆಗಾಲದಲ್ಲಿ, ಸೂರ್ಯ ಹುಟ್ಟುವ ಮುಂಚೆ, ಹೊರಗಿನಿಂದ ಹಾಲನ್ನು ಒಂದು ಸುತ್ತು ಹಾಕಿ. ಒಣ ಗೋಡೆಯ ಹೊರಮೈ ಸುತ್ತಲಿನ ಗಾಳಿಗಿಂತ ಅರ್ಧ ಡಿಗ್ರಿಯೋ ಒಂದು ಡಿಗ್ರಿಯೋ ತಂಪಿರುತ್ತದೆ, ಬೆವರುವುದಿಲ್ಲ. ನೀರು ಕುಡಿದ ಜಾಗ ಎರಡು ಡಿಗ್ರಿಯವರೆಗೆ ತಂಪಾಗಿ, ತೇವದ ಗಾಳಿಯಲ್ಲಿ ಮುತ್ತು ಕಟ್ಟುತ್ತದೆ. ಲೇಸರ್ ಚುಕ್ಕೆಯ ಟೆಂಪರೇಚರ್ ಗನ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಹೊಳೆಯುವ ತಗಡಿನ ಮೇಲೆ ಅದು ಸುಳ್ಳು ಹೇಳುತ್ತದೆ, ಬಣ್ಣಗಾರರ ಕಾಗದದ ಟೇಪ್ ಒಂದು ತುಂಡು ಅಂಟಿಸಿ, ಟೇಪ್ ಮೇಲೆ ಅಳೆಯಿರಿ. ಬಿಸಿಲು ಬಿದ್ದ ಮೇಲೆ ಅಳೆದರೆ ಪ್ರಯೋಜನವಿಲ್ಲ. ಪ್ಯಾನೆಲ್ ಹಾಲ್ ಆದರೆ ಸ್ಕ್ರೂಗಳ ಕೆಳಗೆ ಇಳಿದ ತುಕ್ಕಿನ ಗೆರೆ, ಉಬ್ಬಿದ ತಗಡು, ಬಿಸಿಲಿಗೆ ಬಿರಿದ ಹೊರಸಂದಿನ ಸಿಲಿಕಾನ್, ಪೈಪು ಕೇಬಲ್ಲು ಒಳಹೋಗುವ ತೂತು, ನೆಲ ಗೋಡೆ ಕೂಡುವ ಮೂಲೆ, ಇಷ್ಟನ್ನು ನೋಡಿ.

ಅನುಮಾನ ಬಂದ ಜಾಗದಲ್ಲಿ ತುಂಡು ತೆಗೆದು ತೂಗಿ. ಪಫ್ ಆದರೆ ಒಂದು ಲೀಟರ್ ಗಾತ್ರಕ್ಕೆ 40 ಗ್ರಾಂ ಆಸುಪಾಸು ಇರಬೇಕು. 90 ಬಂದರೆ ಅದರಲ್ಲಿ 50 ಗ್ರಾಂ ನೀರು, ಅಂದರೆ ಗಾತ್ರದ ನೂರಕ್ಕೆ 5, ಶಾಖ ಮೂರನೇ ಒಂದು ಭಾಗದಷ್ಟು ಹೆಚ್ಚಿರುತ್ತದೆ. ಖಾತ್ರಿ ಬೇಕಾದರೆ ಅದೇ ತುಂಡನ್ನು 60 ಡಿಗ್ರಿ ಮೀರದ ಬಿಸಿಯಲ್ಲಿ ಒಣಗಿಸಿ ಮತ್ತೆ ತೂಗಿ, ಅದಕ್ಕಿಂತ ಬಿಸಿ ಮಾಡಿದರೆ ಥರ್ಮಾಕೋಲು ಮುದುಡುತ್ತದೆ. ತೂತನ್ನು ಫೋಮ್ ತುಂಬಿ, ಹೊರಬದಿಗೆ ಸೀಲೆಂಟ್ ಹಾಕಿ ಮುಚ್ಚುವುದನ್ನು ಮಾತ್ರ ಮರೆಯಬೇಡಿ. ತುಂಡು ತೆಗೆದ ಜಾಗದಿಂದಲೇ ಹೊಸದಾಗಿ ನೀರು ಹೋದರೆ ಪರೀಕ್ಷೆಯೇ ರೋಗವಾಗುತ್ತದೆ.

ನಿಮ್ಮಲ್ಲಿ ನನ್ನ ಬೇಡಿಕೆಗಳು ಹೆಚ್ಚಿಲ್ಲ. ಮಷೀನ್ ಓಡಿದ ತಾಸುಗಳನ್ನು ದಿನವೂ ಪುಸ್ತಕದಲ್ಲಿ ಬರೆಸಿ, ಹಾಲ್ ತುಂಬಿ ಬಾಗಿಲು ಮುಚ್ಚಿದ ತಿಂಗಳನ್ನು ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಮೇ ತಿಂಗಳು ಮುಗಿಯುವುದರೊಳಗೆ ಹೊರಸಂದು, ಗಟಾರ, ಗಿಲಾವಿನ ಬಿರುಕು ಮುಚ್ಚಿಸಿ. ಹೊರಗೋಡೆ ಗಟ್ಟಿಯಾಗದೆ ಒಳಗೆ ತಗಡಾಗಲಿ, ಎಪಾಕ್ಸಿ ಬಣ್ಣವಾಗಲಿ ಹೊಡೆಸಲೇಬೇಡಿ. ಎಲೆಕ್ಟ್ರಿಷಿಯನ್‌ಗೆ ಪ್ಯಾನೆಲ್ ಡ್ರಿಲ್ ಮಾಡಲು ಬಿಡುವ ಮುನ್ನ ಆ ತೂತನ್ನು ಮುಚ್ಚುವವರು ಯಾರು ಎಂದು ಕೇಳಿ. ಗೋಡೆಗೆ ತಾಗಿಸಿ ಚೀಲ ಪೇರಿಸಬೇಡಿ, ಒಂದು ಗೇಣು ಬಿಡಿ, ಒದ್ದೆಯಾದರೆ ಕಣ್ಣಿಗಾದರೂ ಬೀಳುತ್ತದೆ. ಹೊಸದು ಕಟ್ಟಿಸುವವರು ಪ್ಯಾನೆಲ್ ಮಾರುವವರಿಂದ ಹೊಸ ನೊರೆಯ ಕೆ-ವ್ಯಾಲ್ಯೂ ಬೇಡಿ ಪಡೆಯಬೇಡಿ, ಮುಪ್ಪಾದ ಮೇಲಿನ ಅಂಕಿಯನ್ನು ಬರಹದಲ್ಲಿ ಕೇಳಿ, ಅದರ ಮೇಲೆ ದಪ್ಪ ನಿರ್ಧರಿಸಿ. ಶೈತ್ಯಾಗಾರಗಳ ಶಾಖ ನಿರೋಧಕ್ಕೆಂದೇ ಐಎಸ್ 661 ಎಂಬ ಭಾರತೀಯ ಮಾನಕವಿದೆ, ಕಾಂಟ್ರಾಕ್ಟಿನಲ್ಲಿ ಅದರ ಹೆಸರು ಬರೆಸಿ.

ಎರಡನೆಯ ಕಂಪ್ರೆಸರ್ ಬೇಕಾಗಿಯೇ ಬಂದರೆ ಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಅಡ್ವಾನ್ಸ್ ಚೆಕ್ ಬರೆಯುವ ಹಿಂದಿನ ದಿನ ಹಿಂದಿನ ಗೋಡೆಯ ಬುಡದಿಂದ ಒಂದು ತುಂಡು ಕತ್ತರಿಸಿ ತಕ್ಕಡಿಗೆ ಹಾಕಿ. ಇಷ್ಟೇ ನನ್ನ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರೆಫ್ರಿಜರೇಶನ್ ಎಂಜಿನಿಯರ್
ಹುಬ್ಬಳ್ಳಿ